ಆಣೆ ಹಾಕಿ ನಲವತ್ತು ಗಂಟೆ: ಒಂದು ಬೀಗರ ಔತಣದ ಪ್ರಕರಣ

ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಡೆದ ಪ್ರಕರಣವಿದು. ಗುರುತು ಸಿಗದಂತೆ ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಲಾಗಿದೆ. ಮದುವೆಯ ಹುಡುಗಿಗೆ ಸೋದರಮಾವನಾದ್ದರಿಂದ ಇಲ್ಲಿ ಅವರನ್ನು ‘ಮಾವ’ ಎಂದೇ ಕರೆಯೋಣ. ಕುಡಿದು ಗಲಾಟೆ ಮಾಡಿ ಶುಭಕಾರ್ಯ ಕೆಡಿಸಿದವರ ಕಥೆಗಳು ಬೇಕಾದಷ್ಟಿವೆ. ಇಲ್ಲಿ ಆಗಿದ್ದು ಅದಲ್ಲ. ಔತಣ ಕೆಟ್ಟದ್ದು ಅವರು ಕುಡಿದಿದ್ದರಿಂದಲ್ಲ, ಕುಡಿಯುವುದನ್ನು ಒಂದೇ ಏಟಿಗೆ ನಿಲ್ಲಿಸಿದ್ದರಿಂದ.

ಹಿನ್ನೆಲೆ

ಮಾವನಿಗೆ ನಲವತ್ತು ದಾಟಿತ್ತು. ಒಂದೂವರೆ ಎಕರೆ ಕಬ್ಬು, ಎರಡು ಹಸು, ಹಂಗಾಮಿನಲ್ಲಿ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ಕೆಲಸ. ಪಾಕದ ಹದ ನೋಡುವುದರಲ್ಲಿ ಸುತ್ತಲ ಊರಿಗೆಲ್ಲ ಹೆಸರು. ಅವರಪ್ಪ ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದವರು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೆ ಬ್ರಾಂದಿಗೆ ಬಂದರು. ಮಗ ಶುರು ಮಾಡಿದ್ದೇ ಬ್ರಾಂದಿಯಿಂದ.

ಮದುವೆಯ ಹೊತ್ತಿಗೆ ದಿನಕ್ಕೆ ಎರಡು ಕ್ವಾರ್ಟರ್ ಆಗುತ್ತಿತ್ತು. ಒಂದು ಕ್ವಾರ್ಟರ್ ಅಂದರೆ 180 ಎಂ.ಎಲ್. ಶೇ 42.8ರ ಮದ್ಯದಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 60 ಗ್ರಾಂ ಇರುತ್ತದೆ, ಎರಡಕ್ಕೆ 120 ಗ್ರಾಂ. ಆದರೆ ಈ ಲೆಕ್ಕಕ್ಕಿಂತ ಮುಖ್ಯವಾದದ್ದು ಆ ಎರಡು ಕ್ವಾರ್ಟರ್ ದಿನದಲ್ಲಿ ಹೇಗೆ ಹಂಚಿಕೊಂಡಿದ್ದವು ಎಂಬುದು. ಬೆಳಿಗ್ಗೆ ಎದ್ದು ಹಾಲು ಕರೆಯುವ ಮೊದಲು ಒಂದು ನೈಂಟಿ ಬೇಕಿತ್ತು. ಇಲ್ಲದಿದ್ದರೆ ಕೆಚ್ಚಲ ಮೇಲೆ ಕೈ ನಿಲ್ಲುತ್ತಿರಲಿಲ್ಲ, ಹಸು ಒದೆಯುತ್ತಿತ್ತು. ನೈಂಟಿ ಬಿದ್ದ ಕಾಲು ಗಂಟೆಗೆ ಕೈ ಸ್ಥಿಮಿತಕ್ಕೆ ಬರುತ್ತಿತ್ತು. ಹೆಂಡತಿಗೆ ಇದು ಗೊತ್ತಿತ್ತು, ಆದರೆ ಚಟ ಜಾಸ್ತಿಯಾಗಿದೆ ಎಂದಷ್ಟೇ ಅವರು ತಿಳಿದಿದ್ದರು. ಬೆಳಗಿನ ಕುಡಿತದಿಂದ ನಡುಕ ನಿಂತರೆ ಅದು ಚಟದ ಮಾತಲ್ಲ. ಮಿದುಳು ಮದ್ಯಕ್ಕೆ ಹೊಂದಿಕೊಂಡಿದೆ, ಅದಿಲ್ಲದೆ ತಾನಾಗಿ ಶಾಂತವಾಗಲಾರದು ಎಂಬುದರ ಗುರುತು ಅದು. ಈ ಒಂದು ಗುರುತನ್ನು ಮನೆಯಲ್ಲಿ ಯಾರಾದರೂ ಓದಿದ್ದರೆ ಮುಂದಿನದು ಬೇರೆಯಾಗುತ್ತಿತ್ತು.

ಹಿಂದೆ ಬಿಡಿಸಲು ಮಾಡಿದ ಪ್ರಯತ್ನಗಳು ಎರಡು ಬಗೆಯವು. ಒಂದು, ಅಯ್ಯಪ್ಪನ ಮಾಲೆ. ಆರು ವರ್ಷದ ಹಿಂದೆ ಮಾಲೆ ಹಾಕಿದಾಗ ನಾಲ್ಕು ರಾತ್ರಿ ನಿದ್ದೆ ಬರಲಿಲ್ಲ, ಅಷ್ಟೆ. ಎರಡು ವರ್ಷದ ಹಿಂದೆ ಮತ್ತೆ ಹಾಕಿದಾಗ ಮೂರು ದಿನ ಮೈ ನಡುಗಿತು, ಹಾಸಿಗೆ ಒದ್ದೆಯಾಗುವಷ್ಟು ಬೆವರು. ನಸುಕಿನ ತಣ್ಣೀರು ಸ್ನಾನಕ್ಕೆ ಚಳಿ ಹತ್ತಿದೆ ಎಂದುಕೊಂಡರು. ಎರಡೂ ಸಲ ಮಂಡಲ ಮುಗಿದು ಮಾಲೆ ತೆಗೆದ ವಾರದೊಳಗೆ ಕುಡಿತ ವಾಪಸ್ಸು ಬಂತು. ನಿಲ್ಲಿಸುವುದು, ಮತ್ತೆ ಹಿಡಿಯುವುದು ಹೀಗೆ ಮರುಕಳಿಸಿದಷ್ಟೂ ಮುಂದಿನ ಸಲ ನಿಲ್ಲಿಸಿದಾಗ ಮೈ ತೋರಿಸುವ ಪ್ರತಿಭಟನೆ ಜೋರಾಗುತ್ತದೆ. ಮೊದಲು ನಿದ್ದೆ ಕೆಟ್ಟಿತ್ತು, ಆಮೇಲೆ ನಡುಕ ಬಂತು, ಮೂರನೆಯದು ಫಿಟ್ಸ್. ಮನೆಯವರು ಮಾತ್ರ ಉಲ್ಟಾ ಲೆಕ್ಕ ಹಾಕಿದ್ದರು: ಮಾಲೆ ಹಾಕಿದಾಗ ನಲವತ್ತೊಂದು ದಿನ ಬಿಟ್ಟವನು ಔತಣಕ್ಕೆ ಎರಡು ದಿನ ಬಿಡಲಾರನೇ?

ಎರಡನೆಯದು, ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿ. ಯಾರೋ ಹೇಳಿದರೆಂದು ಹೆಂಡತಿ ತಂದು ಸಾರಿಗೆ ಹಾಕಿದ್ದರು. ಪೊಟ್ಟಣದ ಮೇಲೆ ಹೆಸರಿಲ್ಲ, ಅದರಲ್ಲಿ ಏನಿತ್ತೆಂದು ಇವತ್ತಿಗೂ ಯಾರಿಗೂ ತಿಳಿಯದು. ಒಂದು ಸಂಜೆ ಕುಡಿದು ಬಂದು ಉಂಡವರಿಗೆ ಮುಖವೆಲ್ಲ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ವಿಷಯ ಹೊರಬಿತ್ತು. ಕುಡಿತ ನಿಲ್ಲಲಿಲ್ಲ. ಮನೆಯ ಊಟ ನಿಂತಿತು. ಒಂದು ವರ್ಷ ಅವರು ಸರ್ಕಲ್ಲಿನ ಹೋಟೆಲಿನಲ್ಲಿ ಉಂಡರು, ಅದರ ಪಕ್ಕದಲ್ಲೇ ಬಾರು.

ಔತಣ

ಮದುವೆ ಭಾನುವಾರ, ಬೀಗರ ಔತಣ ಮಂಗಳವಾರ. ಭಾನುವಾರ ರಾತ್ರಿ ಒಂಬತ್ತರ ಸುಮಾರಿಗೆ ಛತ್ರದ ಹಿಂದೆ ಕುಡಿಯುತ್ತಿದ್ದ ತಮ್ಮನನ್ನು ಅಕ್ಕ ನೋಡಿದರು. ಜಗಳವಾಡಲಿಲ್ಲ. ಅವರ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, ಔತಣ ಮುಗಿಯುವವರೆಗೆ ಮುಟ್ಟುವುದಿಲ್ಲ ಎಂದು ಆಣೆ ಹಾಕಿಸಿದರು. ಮಾವ ಆಣೆ ಉಳಿಸಿಕೊಂಡರು.

ಸೋಮವಾರ ಬೆಳಿಗ್ಗೆ ಕೈ ನಡುಗಿತು. ಮಧ್ಯಾಹ್ನ ಉಂಡದ್ದು ವಾಂತಿಯಾಯಿತು. ರಾತ್ರಿ ನಿದ್ದೆಯಿಲ್ಲ, ಒಂದೇ ಸಮನೆ ಬೆವರು. ಮದುವೆ ಓಡಾಟದ ಸುಸ್ತು ಎಂದು ನಿಂಬೆಹಣ್ಣಿನ ಪಾನಕ ಕೊಟ್ಟರು. ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಪಂಕ್ತಿ ಕೂತಿತು. ಹೆಣ್ಣಿನ ಸೋದರಮಾವ ನಿಂತು ಬಡಿಸದಿದ್ದರೆ ಬೀಗರು ಏನೆಂದುಕೊಂಡಾರು? ಮಟನ್ ಸಾರಿನ ಬಕೆಟ್ ಹಿಡಿದು ಹೊರಟರು. ನಾಲ್ಕನೆಯ ಎಲೆಗೆ ಬರುವಷ್ಟರಲ್ಲಿ ಸೌಟು ಬಕೆಟ್ಟಿನ ಅಂಚಿಗೆ ಟಕಟಕ ಬಡಿಯುತ್ತಿದ್ದ ಸದ್ದು ಪಂಕ್ತಿಗೆಲ್ಲ ಕೇಳುತ್ತಿತ್ತು. ಗಂಡಿನ ತಂದೆಯ ಎಲೆಯ ಮುಂದೆ ಕೈ ತಪ್ಪಿ ಸುಡುವ ಸಾರು ಅವರ ತೊಡೆಯ ಮೇಲೆ ಚೆಲ್ಲಿತು.

“ಇವತ್ತಾದ್ರೂ ಬುಟ್ಟಿರಕಾಯ್ತಿರ್ನಿಲ್ವೇನ್ಲಾ?” ಎಂದು ಅಣ್ಣ ಎಲ್ಲರೆದುರು ಕೆನ್ನೆಗೆ ಹೊಡೆದ. ಮಾವ ಏನೋ ಹೇಳಲು ಬಾಯಿ ತೆರೆದವರು ಹಾಗೆಯೇ ಸೆಟೆದು ಬಿದ್ದರು. ಕೈಕಾಲು ಜಾಡಿಸತೊಡಗಿದವು. ಕೊನೆಯ ಗುಟುಕಿಗೆ ಸರಿಯಾಗಿ ನಲವತ್ತು ಗಂಟೆಯಾಗಿತ್ತು. ಮದ್ಯ ಹಠಾತ್ತನೆ ನಿಂತವರಲ್ಲಿ ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೇ.

ಆಮೇಲಿನ ಕೆಲವು ನಿಮಿಷ ಎಲ್ಲ ಊರುಗಳಲ್ಲೂ ನಡೆಯುವಂಥದ್ದೇ. ಒಬ್ಬರು ಅಂಗೈಗೆ ಬೀಗದ ಕೈ ಗೊಂಚಲು ತುರುಕಿದರು, ಒಬ್ಬರು ಹಲ್ಲಿನ ನಡುವೆ ಚಮಚ ಇಡಲು ನೋಡಿದರು. ಜೊತೆಗೆ ಕುಡಿಯುತ್ತಿದ್ದ ಗೆಳೆಯ ಮಾತ್ರ ರೋಗವನ್ನು ಸರಿಯಾಗಿಯೇ ಗುರುತಿಸಿದ್ದ: “ಎಣ್ಣೆ ಬೀಳ್ದೆ ಹಿಂಗಾಗದೆ, ಒಂದ್ ನೈಂಟಿ ಬುಟ್ರೆ ಸರಿಹೋಯ್ತನೆ.” ಕಾರಣ ಸರಿ, ಮದ್ದು ಪ್ರಾಣಾಂತಿಕ. ಪ್ರಜ್ಞೆಯಿಲ್ಲದವರ ಬಾಯಿಗೆ ಬಿಟ್ಟದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಮದುವೆಗೆ ಬಂದಿದ್ದ ಒಬ್ಬ ನರ್ಸ್ ಅದನ್ನು ತಡೆದರು. ಬಾಯಿಗೆ ಏನೂ ಹಾಕಲು ಬಿಡದೆ, ಅದುಮಿ ಹಿಡಿಯದೆ, ಸುತ್ತಲಿನ ಬೆಂಚು ಸರಿಸಿ, ಜಾಡಿಸುವುದು ನಿಂತ ಮೇಲೆ ಎಡ ಮಗ್ಗುಲಿಗೆ ಹೊರಳಿಸಿ ಮಲಗಿಸಿದರು. 108 ಬಂತು.

ಆಸ್ಪತ್ರೆ

ತಾಲ್ಲೂಕು ಆಸ್ಪತ್ರೆಯಲ್ಲಿ ಅಣ್ಣ ಹೇಳಿದ್ದು “ಕುಡ್ದು ಬಿದ್ದವ್ನೆ ಸಾ” ಎಂದು. ಇಷ್ಟೇ ಕೇಳಿದ್ದರೆ ಗ್ಲೂಕೋಸ್ ಹಾಕಿ, ಅಮಲು ಇಳಿಯಲೆಂದು ಒಂದು ಮೂಲೆಯಲ್ಲಿ ಮಲಗಿಸುವ ಸಾಧ್ಯತೆ ಇತ್ತು. ಡ್ಯೂಟಿ ಡಾಕ್ಟರು ಕೇಳಿದ ಪ್ರಶ್ನೆ ಬೇರೆ: ಕೊನೆಯ ಸಲ ಕುಡಿದದ್ದು ಯಾವಾಗ? ಹೆಂಡತಿ ಭಾನುವಾರ ರಾತ್ರಿ ಎಂದರು. ಚಿಕಿತ್ಸೆಯ ದಿಕ್ಕು ತಿರುಗಿದ್ದು ಈ ಉತ್ತರದಿಂದ. ಕುಡಿದು ಬಿದ್ದವರಿಗೂ ಕುಡಿಯದೆ ಬಿದ್ದವರಿಗೂ ಮಾಡುವ ಉಪಚಾರ ಬೇರೆ ಬೇರೆ, ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಮೊದಲು ರಕ್ತದ ಸಕ್ಕರೆ ನೋಡಿದರು. ಗ್ಲೂಕೋಸಿಗಿಂತ ಮುಂಚೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು. ವರ್ಷಗಟ್ಟಲೆ ಕುಡಿದು, ಹೊತ್ತಿಗೆ ಸರಿಯಾಗಿ ಉಣ್ಣದವರಲ್ಲಿ ಈ ವಿಟಮಿನ್ ಬರಿದಾಗಿರುತ್ತದೆ. ಅದನ್ನು ತುಂಬದೆ ಗ್ಲೂಕೋಸ್ ಹರಿಸುತ್ತ ಹೋದರೆ ಉಳಿದಿದ್ದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣು ಓಲಾಡುವುದು, ನಡಿಗೆ ತಪ್ಪುವುದು, ಗೊಂದಲ ಅದರ ಲಕ್ಷಣ. ಸರಿಯಾದ ಹೊತ್ತಿಗೆ ಕೊಡದಿದ್ದರೆ ನೆನಪಿನ ಶಕ್ತಿ ಕಾಯಂ ಹೋಗುವುದುಂಟು. ಮತ್ತೆ ಫಿಟ್ಸ್ ಬಾರದಂತೆ ಲೊರಾಜೆಪಾಮ್ ಕೊಟ್ಟು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ತಲೆಗೆ ಪೆಟ್ಟಾಗಿಲ್ಲ ಎಂದು ಸ್ಕ್ಯಾನಿನಲ್ಲಿ ಖಚಿತಪಡಿಸಿಕೊಂಡರು. ಲಿವರ್ ಪರೀಕ್ಷೆಯ ಅಂಕಿಗಳು ಏರಿದ್ದರಿಂದ ಲಿವರಿಗೆ ಹೊರೆ ಕಡಿಮೆಯಾದ ಲೊರಾಜೆಪಾಮನ್ನೇ ಮುಂದುವರಿಸಿ ದಿನದಿನಕ್ಕೆ ಇಳಿಸುತ್ತ ಬರುವುದೆಂದಾಯಿತು.

ಫಿಟ್ಸ್ ನಿಂತಿತು, ಇನ್ನೇನು ಮನೆಗೆ ಎಂದು ಬಂಧುಗಳು ಬುಧವಾರ ಅವಸರ ಮಾಡಿದರು. ಡಾಕ್ಟರು ಬಿಡಲಿಲ್ಲ. ಎರಡರಿಂದ ನಾಲ್ಕನೆಯ ದಿನದ ನಡುವೆ ಬರುವುದು ಇನ್ನೂ ಬಾಕಿಯಿತ್ತು. ಬುಧವಾರ ರಾತ್ರಿ ಮಾವನಿಗೆ ವಾರ್ಡು ಆಲೆಮನೆಯಾಗಿ ಕಂಡಿತು. ಮಂಚದ ಮೇಲೆ ಕೂತು ಗಾಳಿಯಲ್ಲಿ ಪಾಕ ಕಲಕುತ್ತಿದ್ದರು. ಪಕ್ಕದ ಹಾಸಿಗೆಯವರಿಗೆ “ಕೈ ತೆಗಿಯಲೋ, ಗಾಣಕ್ಕೆ ಸಿಕ್ಕತದೆ” ಎಂದು ಕೂಗುತ್ತಿದ್ದರು. ಹೊದಿಕೆಯ ಮೇಲಿಂದ ಇಲ್ಲದ ಇರುವೆ ಆರಿಸುತ್ತಿದ್ದರು. ದೆವ್ವ ಮೆಟ್ಟಿಕೊಂಡಿದೆ, ಯಂತ್ರ ಕಟ್ಟಿಸೋಣ ಎಂದು ಅಕ್ಕ ಅತ್ತರು. ಇದಕ್ಕೆ ವೈದ್ಯರಲ್ಲಿ ಡೆಲಿರಿಯಮ್ ಟ್ರೆಮೆನ್ಸ್ ಎಂಬ ಹೆಸರಿದೆ. ಜ್ವರ, ಏರಿದ ನಾಡಿ, ದಿಕ್ಕು ತಪ್ಪಿದ ಪ್ರಜ್ಞೆ ಕೂಡಿದ ಇದು ಚಿಕಿತ್ಸೆಯಿಲ್ಲದಿದ್ದರೆ ಜೀವ ತೆಗೆಯಬಲ್ಲದು. ಔಷಧದ ಪ್ರಮಾಣ ಏರಿಸಿ, ದೀಪ ಆರಿಸದೆ, ಪರಿಚಯದ ಮುಖವೊಂದು ಸದಾ ಎದುರಿಗಿರುವಂತೆ ನೋಡಿಕೊಂಡರು. ಶನಿವಾರದ ಹೊತ್ತಿಗೆ ಅವರು ಇದು ಯಾವ ಊರು ಎಂದು ತಾವೇ ಕೇಳಿದರು.

ನಿರ್ಧಾರ

ಏನಾಯಿತೆಂಬುದು ಮಾವನಿಗೆ ನೆನಪಿರಲಿಲ್ಲ. ಸಂಬಂಧಿಯೊಬ್ಬನ ಮೊಬೈಲಿನಲ್ಲಿ ಪಂಕ್ತಿಯ ವಿಡಿಯೊ ಇತ್ತು. ಸಾರು ಚೆಲ್ಲಿದ್ದನ್ನೂ ಕೆನ್ನೆಗೆ ಬಿದ್ದದ್ದನ್ನೂ ನೋಡಿ ಅವರು ಹೇಳಿದ್ದು ಹೆಂಡತಿಯ ಮನಸ್ಸಿನಲ್ಲಿ ಉಳಿದಿದೆ: “ಕುಡ್ದು ಮಾನ ಹೋಗಿದ್ರೆ ಹೋಗ್ಲಿ ಅನ್ಬೋದಿತ್ತು. ಕುಡೀದಿದ್ದಾಗ್ಲೆ ಹೋಯ್ತಲ್ಲ.”

ಡಾಕ್ಟರಿಗೆ ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. “ಅಂಗಾರೆ ಕುಡೀತಲೇ ಇರ್ಬೇಕಾ ಸಾ? ಬುಟ್ರೆ ಹಿಂಗಾಯ್ತದಲ್ಲ.” ಬಿಡಬೇಕಾದದ್ದು ಹೌದು, ಬಿಟ್ಟ ರೀತಿ ತಪ್ಪು ಎಂದರು ಡಾಕ್ಟರು. ಮೈಯಿಂದ ಇಳಿಯುವ ಕೆಲಸ ವಾರದಲ್ಲಿ ಆಸ್ಪತ್ರೆಯೊಳಗೆ ಮುಗಿದಿದೆ. ಮತ್ತೆ ಕುಡಿದು ಮತ್ತೆ ನಿಲ್ಲಿಸಿದರೆ ಇದೇ ದಾರಿ, ಇನ್ನೂ ಕೆಟ್ಟದಾಗಿ. ಈಗ ಉಳಿದಿರುವುದು ಕುಡಿಯದೆ ಇರುವ ಕೆಲಸ. ಅದಕ್ಕೆ ಬೇರೆ ಮದ್ದು, ಬೇರೆ ತಯಾರಿ.

ಅಕ್ಕ ಧರ್ಮಸ್ಥಳಕ್ಕೆ ಹೋಗಿ ಆಣೆ ಇಡಿಸೋಣವೆಂದರು. ಮಾವ ಒಪ್ಪಲಿಲ್ಲ. “ಆಣೆ ಬ್ಯಾಡ ಕಣಕ್ಕ. ದಿನಾ ಬೆಳಿಗ್ಗೆ ಮಾತ್ರೆ ನುಂಗ್ತೀನಿ, ಇವ್ಳು ನೋಡ್ಕಳ್ಲಿ.” ಪ್ರಕರಣದ ತಿರುವು ಇದೇ ಎಂದು ತೋರುತ್ತದೆ. ಆಣೆಗೆ ನಂಬಿಕೆಯ ಬಲವಿದೆ, ಕೆಲವರನ್ನು ಅದು ಉಳಿಸಿಯೂ ಇದೆ. ತೊಂದರೆಯೆಂದರೆ ಒಂದು ಗುಟುಕಿಗೇ ಅದು ಪೂರಾ ಮುರಿಯುತ್ತದೆ. ಮುರಿದ ಮೇಲೆ ಹೇಗೂ ಪಾಪ ತಟ್ಟಿತು ಎಂದು ಬಾಟಲಿ ಮುಗಿಸುವವರೇ ಹೆಚ್ಚು. ದಿನಕ್ಕೊಂದು ಮಾತ್ರೆ ಹಾಗಲ್ಲ, ನಿನ್ನೆ ತಪ್ಪಿದರೂ ಇವತ್ತು ನುಂಗಬಹುದು.

ಕುಡಿಯದೆ ಇರುವ ಕೆಲಸ

ಒಂಬತ್ತನೆಯ ದಿನ ಮನೆಗೆ ಬಂದಾಗ ಕೊಟ್ಟದ್ದು ಅಕಾಂಪ್ರೊಸೇಟ್ ಮಾತ್ರೆ. ಕುಡಿಯಬೇಕೆಂಬ ಸೆಳೆತವನ್ನು ಇದು ತಗ್ಗಿಸುತ್ತದೆ, ಲಿವರಿಗೆ ಭಾರವಲ್ಲ, ಆದರೆ ಕಿಡ್ನಿ ಸರಿಯಿರಬೇಕು. ತೂಕ ಅರವತ್ತು ಕಿಲೋಗಿಂತ ಕಡಿಮೆಯಿದ್ದುದರಿಂದ ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ರಾತ್ರಿ ಒಂದು. ಮಧ್ಯಾಹ್ನದ ಮಾತ್ರೆ ಗದ್ದೆಯಲ್ಲಿ ಮರೆತುಹೋಗುತ್ತಿತ್ತು. ಎರಡು ತಿಂಗಳಲ್ಲಿ ಲಿವರ್ ಅಂಕಿಗಳು ಇಳಿದ ಮೇಲೆ, ಹೃದಯ ಪರೀಕ್ಷೆಯೂ ಮುಗಿದು, ಡೈಸಲ್ಫಿರಾಮ್‌ಗೆ ಬದಲಾಯಿಸಿದರು. ದಿನಕ್ಕೊಂದು, 250 ಮಿ.ಗ್ರಾಂ.

ಈ ಮಾತ್ರೆ ನುಂಗಿದವರು ಕುಡಿದರೆ ಮದ್ಯ ಮೈಯಲ್ಲಿ ಅರ್ಧ ದಾರಿಯಲ್ಲೇ ನಿಂತು ಅಸಿಟಾಲ್ಡಿಹೈಡ್ ಎಂಬ ನಂಜಾಗಿ ಸೇರಿಕೊಳ್ಳುತ್ತದೆ. ಮುಖ ಕೆಂಪಾಗುವುದು, ಎದೆಬಡಿತ, ವಾಂತಿ, ಬಿ.ಪಿ. ಕುಸಿತ. ಊಟದಲ್ಲಿ ಬೆರೆಸಿದ ಪುಡಿಗೂ ಆದದ್ದು ಹೆಚ್ಚುಕಡಿಮೆ ಇದೇ ಥರ. ವ್ಯತ್ಯಾಸವೆಂದರೆ ಇಲ್ಲಿ ನುಂಗುವವರಿಗೆ ಎಲ್ಲ ಗೊತ್ತಿರುತ್ತದೆ. ಗೊತ್ತಿಲ್ಲದವರು ಕುಡಿದಾರು, ಕುಡಿದು ಸತ್ತಾರು. ಅದಕ್ಕೇ ಇದನ್ನು ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ. ಮಾವ ಒಪ್ಪಿ ಸಹಿ ಹಾಕಿದರು. ಯಾವುದನ್ನು ಮುಟ್ಟಬಾರದೆಂಬ ಚೀಟಿಯನ್ನು ಹೆಂಡತಿ ಬೀರುವಿಗೆ ಅಂಟಿಸಿದರು: ಹೆಂಡ, ಬಿಯರ್, ಮದ್ಯಸಾರವಿರುವ ಕೆಮ್ಮಿನ ಸಿರಪ್, ಎಲ್ಲ ಬಗೆಯ ಅರಿಷ್ಟ ಮತ್ತು ಆಸವ. ಅರಿಷ್ಟಗಳು ಹುದುಗಿಸಿ ಮಾಡಿದವು, ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆಂಬುದು ಬಹಳ ಜನಕ್ಕೆ ತಿಳಿದಿರುವುದಿಲ್ಲ.

ಮಾತ್ರೆಯಾಚೆಗೆ ಆಪ್ತಸಮಾಲೋಚಕರು ಮಾಡಿದ್ದು ಒಂದೇ ಕೆಲಸ. ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಯಾರ ಜೊತೆ ಮನಸ್ಸು ಎಳೆಯುತ್ತದೆಂದು ಬರೆಸಿದರು. ಮೂರು ಸಂದರ್ಭ ಎದ್ದು ಕಂಡವು. ಸಂಜೆ ಆರೂವರೆ, ಕಬ್ಬಿನ ದುಡ್ಡು ಬಂದ ದಿನ, ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗೆ ನೀರು ಕಟ್ಟಲು ಒಬ್ಬರೇ ಹೋಗುವುದು. ಸಂಜೆಯ ಹಾಲನ್ನು ಡೇರಿಗೆ ಹಾಕುವ ಕೆಲಸ ಮಗನಿಂದ ಅವರ ಕೈಗೆ ಬಂತು. ಕ್ಯಾನು ಹಿಡಿದು ಸಾಲಿನಲ್ಲಿ ನಿಂತು, ಫ್ಯಾಟ್ ನೋಡಿಸಿ, ಮನೆಗೆ ಬಂದು ಮುದ್ದೆ ಉಣ್ಣುವಷ್ಟರಲ್ಲಿ ಏಳೂಕಾಲು. ಸೆಳೆತ ಒಂದು ಅಲೆ, ಅರ್ಧ ಗಂಟೆ ಕಳೆದರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಮಾತ್ರ ಇಳಿಯಲು ತಡ. ಕಬ್ಬಿನ ದುಡ್ಡು ಜಂಟಿ ಖಾತೆಗೆ ಹೋಯಿತು. ರಾತ್ರಿ ನೀರಿಗೆ ಮಗ ಜೊತೆಯಾದ.

ಪಿತೃಪಕ್ಷ

ನಾಲ್ಕನೆಯ ತಿಂಗಳಿಗೆ ಮಹಾಲಯ ಅಮಾವಾಸ್ಯೆ ಬಂತು. ಸತ್ತವರಿಗೆ ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಎಡೆ ಇಡುವುದು ಈ ಕಡೆಯ ರೂಢಿ. ಅಪ್ಪನ ಎಡೆಯಲ್ಲಿ ಮಾಂಸ, ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಯಾರ ಪಟ್ಟಿಯಲ್ಲೂ ಇದು ಇರಲಿಲ್ಲ. ಬಾರು, ಸರ್ಕಲ್ಲು, ಗೆಳೆಯರನ್ನು ಬರೆದವರಿಗೆ ದೇವರ ಮನೆ ಹೊಳೆಯಲಿಲ್ಲ.

ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆಯಿಂದ ಮಾವ ಮಾತ್ರೆಯನ್ನು ದವಡೆಯಲ್ಲಿಟ್ಟುಕೊಂಡು ಕೊಟ್ಟಿಗೆಯಲ್ಲಿ ಉಗಿಯುತ್ತಿದ್ದರು. ಕುಡಿಯಬೇಕೆಂದು ತೀರ್ಮಾನಿಸಿದ್ದೇನೂ ಇರಲಿಲ್ಲ, ಇರಲಿ ಎಂದು ಬಾಗಿಲು ತೆರೆದಿಟ್ಟುಕೊಂಡಿದ್ದೆ ಎಂದು ಆಮೇಲೆ ಹೇಳಿದ್ದಾರೆ. ಜಾರುವಿಕೆ ಗುಟುಕಿನಿಂದ ಶುರುವಾಗುವುದಲ್ಲ. ಇವರಲ್ಲಿ ಅದು ಶುರುವಾಗಿ ನಾಲ್ಕು ದಿನ ಆಗಿತ್ತು. ಪೂಜೆಯಾದ ಮೇಲೆ “ಅಪ್ಪನ ಎಡೇದು, ಬ್ಯಾಡ ಅನ್ಬಾರ್ದು” ಎಂದು ಅಣ್ಣ ಲೋಟಕ್ಕೆ ಬಿಟ್ಟುಕೊಟ್ಟ. ಒಂದು ನೈಂಟಿಯಷ್ಟು ಕುಡಿದರು. ಕಾಲು ಗಂಟೆಯಲ್ಲಿ ಮುಖ ಉರಿದು, ಎದೆ ಹೊಡೆದುಕೊಂಡು, ಕಣ್ಣು ಕತ್ತಲಿಟ್ಟಿತು. ಡೈಸಲ್ಫಿರಾಮ್ ನಿಲ್ಲಿಸಿದರೂ ಅದರ ಪ್ರಭಾವ ಎರಡು ವಾರದವರೆಗೆ ಇರಬಹುದು. ನಾಲ್ಕು ದಿನ ಸಾಕೆಂದುಕೊಂಡದ್ದು ಅವರ ಲೆಕ್ಕ. ಆ ರಾತ್ರಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಬಿ.ಪಿ. ನೋಡುತ್ತ ಬೆಳಗು ಮಾಡಿದರು.

ಹೆಂಡತಿ ಬೈಯಲಿಲ್ಲ. ಮೂರನೆಯ ದಿನ ಇಬ್ಬರೂ ಸಮಾಲೋಚಕರ ಬಳಿ ಹೋದರು. ಬದಲಾದದ್ದು ಎರಡು. ಮಾತ್ರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಯುವುದು, ಕುಡಿದ ಮೇಲೆ ಐದು ನಿಮಿಷ ಮಾತಾಡುತ್ತ ಕೂರುವುದು. ಮತ್ತು ಅಣ್ಣನನ್ನು ಕರೆಸಿ ಕೂರಿಸಿದ್ದು. ಔತಣದ ದಿನ ತಮ್ಮ ಕುಡಿದಿರಲಿಲ್ಲ ಎಂಬುದನ್ನು ಅಣ್ಣ ಅಲ್ಲಿಯವರೆಗೂ ನಂಬಿರಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಕೊನೆಯ ಕುಡಿತದ ಹೊತ್ತು ಬರೆದಿದ್ದುದನ್ನು ಸಮಾಲೋಚಕರು ಓದಿ ಹೇಳಿದರು. ಅಣ್ಣ ಕ್ಷಮೆಯನ್ನೇನೂ ಕೇಳಲಿಲ್ಲ.

ಇದರಿಂದ ತಿಳಿಯುವುದು

ಮದುವೆ, ಹಬ್ಬ, ಜಾತ್ರೆಯ ನೆಪದಲ್ಲಿ ಮನೆಯವರು ಬಿಡು ಎನ್ನುವುದು ಸಹಜ. ಹಾಗನ್ನುವ ಮುಂಚೆ ಕೇಳಿಕೊಳ್ಳಬೇಕಾದ್ದು ಇಷ್ಟು: ಬೆಳಿಗ್ಗೆ ಕುಡಿದರೆ ಮಾತ್ರ ಕೈ ನಿಲ್ಲುತ್ತದೆಯೇ? ಹಿಂದೆ ಬಿಟ್ಟಾಗ ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು ಆಗಿತ್ತೇ? ಒಂದಕ್ಕಾದರೂ ಹೌದು ಎಂದರೆ ಮನೆಯಲ್ಲಿ ಏಕಾಏಕಿ ನಿಲ್ಲಿಸಬಾರದು, ಡಾಕ್ಟರ ಬಳಿ ಹೋಗಿ ಔಷಧದ ಆಸರೆಯಲ್ಲಿ ನಿಲ್ಲಿಸಬೇಕು. ಅದಕ್ಕೆ ವಾರದಿಂದ ಹತ್ತು ದಿನ ಬೇಕು, ಕಾರ್ಯಕ್ಕೆ ಎರಡು ದಿನ ಇರುವಾಗ ಶುರು ಮಾಡುವ ಕೆಲಸವಲ್ಲ. ಆಗಲೇ ನಿಲ್ಲಿಸಿಬಿಟ್ಟಿದ್ದು ನಡುಕ, ವಾಂತಿ ಶುರುವಾಗಿದ್ದರೆ ಅದೇ ದಿನ ಆಸ್ಪತ್ರೆಗೆ. ಇಲ್ಲಿ ಸೋಮವಾರ ಬೆಳಗಿನಿಂದ ಮಂಗಳವಾರ ಮಧ್ಯಾಹ್ನದವರೆಗೆ ಪೂರಾ ಒಂದು ದಿನಕ್ಕೂ ಹೆಚ್ಚು ಸಮಯವಿತ್ತು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಡೈಸಲ್ಫಿರಾಮನ್ನು ಒಂದು ವರ್ಷ ಮುಗಿದ ಮೇಲೆ ನಿಲ್ಲಿಸಲಾಯಿತು. ಪಿತೃಪಕ್ಷದ ಆ ಒಂದು ಸಲ ಬಿಟ್ಟರೆ ಮಾವ ಕುಡಿದಿಲ್ಲ. ನಿದ್ದೆ ಇನ್ನೂ ಪೂರ್ತಿ ಸರಿಯಾಗಿಲ್ಲ, ಎಡಗಾಲಿನ ಪಾದ ಜೋಮು ಹಿಡಿಯುವುದು ಉಳಿದಿದೆ, ವಿಟಮಿನ್ ಮಾತ್ರೆ ನಡೆಯುತ್ತಿದೆ. ಎರಡನೆಯ ವರ್ಷದ ಅಮಾವಾಸ್ಯೆಗೆ ಅವರು ಅಪ್ಪನ ಎಡೆಯನ್ನು ತಮ್ಮ ಮನೆಯಲ್ಲೇ ಬೇರೆಯಾಗಿ ಇಟ್ಟರು: ಮಾಂಸ, ಕಜ್ಜಾಯ, ಒಂದು ಕಟ್ಟು ಬೀಡಿ. ಬ್ರಾಂದಿಯನ್ನು ಅಣ್ಣ ತನ್ನ ಮನೆಯ ಎಡೆಗೆ ಇಟ್ಟ. ಮಾವ ಅಲ್ಲಿಗೆ ಹೋದದ್ದು ಮಾರನೆಯ ದಿನ ಬೆಳಿಗ್ಗೆ, ಹೆಂಡತಿಯ ಜೊತೆ, ಅರ್ಧ ಗಂಟೆಗೆ.